ಸ್ಟೆಂಟ್ ಹಾಕಿದ ಹೃದಯ, ಬಿಡದ ಮೈಗ್ರೇನ್: ಟ್ರಿಪ್ಟಾನ್ ಬಿಟ್ಟು ಜೆಪ್ಯಾಂಟ್‌ಗೆ ಬಂದ ಒಂದು ಪ್ರಕರಣ

ಇಲ್ಲಿ ಬರುವ ರೋಗಿ ಯಾರೋ ಒಬ್ಬರೇ ಅಲ್ಲ. ತಲೆನೋವಿನ ಕ್ಲಿನಿಕ್‌ಗೆ ಬರುವ ಹಲವರ ಅನುಭವ ಸೇರಿಸಿ, ಒಬ್ಬರ ಪ್ರಕರಣದ ಹಾಗೆ ಬರೆದಿದ್ದೇನೆ. ಔಷಧಿಗಳ ವಿವರ ಮಾತ್ರ ಇದ್ದದ್ದು ಇದ್ದ ಹಾಗೆ ಇದೆ.

54 ವರ್ಷದ ಹೆಂಗಸು. ಇಪ್ಪತ್ತರ ಹರೆಯದಿಂದಲೂ ಮೈಗ್ರೇನ್. ತಿಂಗಳಿಗೆ ಮೂರು ಸಲ ತಲೆಯ ಒಂದು ಪಕ್ಕ ಬಡಿದುಕೊಳ್ಳುವ ನೋವು, ವಾಕರಿಕೆ, ಬೆಳಕು ಕಂಡರೆ ಆಗದು. ಟ್ರಿಪ್ಟಾನ್ ಜಾತಿಯ ಮೈಗ್ರೇನ್ ಮಾತ್ರೆ ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ನುಂಗಿದರೆ ಒಂದೂವರೆ ಗಂಟೆಯಲ್ಲಿ ಎದ್ದು ಓಡಾಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದಿತ್ತು. ನಮ್ಮಲ್ಲಿಗೆ ಬರುವ 14 ತಿಂಗಳ ಹಿಂದೆ ಅವರಿಗೆ ಹೃದಯಾಘಾತ ಆಯಿತು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದರು. ಹೃದಯದ ಪಂಪಿಂಗ್ ಚೆನ್ನಾಗಿಯೇ ಉಳಿಯಿತು. ಆಸ್ತಮಾ ಇದ್ದುದರಿಂದ ಬೀಟಾ ಬ್ಲಾಕರ್ ಬದಲು ಡಿಲ್ಟಿಯಾಜೆಮ್ ಕೊಟ್ಟಿದ್ದರು.

ಅವರು ತಂದ ಮಾತ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿದೆವು. ಆಸ್ಪಿರಿನ್ 75, ರೋಸುವಾಸ್ಟಾಟಿನ್ 20, ರಾಮಿಪ್ರಿಲ್ 5, ಡಿಲ್ಟಿಯಾಜೆಮ್ 90 ದಿನಕ್ಕೆರಡು, ಬೆಳಿಗ್ಗೆ ಐಸೋಸಾರ್ಬೈಡ್ ಮೊನೋನೈಟ್ರೇಟ್ 30. ಚೀಲದ ತಳದಲ್ಲಿ ಇನ್ನೊಂದು ಸ್ಟ್ರಿಪ್ ಇತ್ತು. ಹಳೆಯ ಸುಮಾಟ್ರಿಪ್ಟಾನ್, ಅದರಲ್ಲಿ ಅರ್ಧ ಮುರಿದ ಒಂದು ಮಾತ್ರೆ.

ಆ ಅರ್ಧ ಮಾತ್ರೆ

ಸ್ಟೆಂಟ್ ಹಾಕಿದ ಮೇಲೆ ತಲೆನೋವು ಜಾಸ್ತಿ ಆಗಿತ್ತು. ತಿಂಗಳಿಗೆ ಮೂರಿದ್ದದ್ದು ಎಂಟಕ್ಕೆ ಏರಿತ್ತು. ಸುಮಾಟ್ರಿಪ್ಟಾನ್ ಇನ್ನು ಬೇಡ ಎಂದು ಹೃದಯದ ಡಾಕ್ಟರು ಹೇಳಿದ್ದರು. ಆದರೂ ಒಂದು ರಾತ್ರಿ ತಡೆಯಲಾರದೆ, "ಅರ್ಧ ತಾನೇ, ಏನಾಗುತ್ತೆ" ಅಂತ ನುಂಗಿದರು. ಅರ್ಧ ಗಂಟೆಯಲ್ಲಿ ಗಂಟಲು, ಎದೆ ಬಿಗಿಯಿತು. ತುರ್ತು ಚಿಕಿತ್ಸೆಗೆ ಓಡಿದರು. ಇಸಿಜಿ, ಹೃದಯದ ಹಾನಿ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಎರಡೂ ಸರಿ ಇದ್ದವು.

ಟ್ರಿಪ್ಟಾನ್ ತೆಗೆದುಕೊಂಡಾಗ ಎದೆ, ಗಂಟಲು ಬಿಗಿದಂತಾಗುವುದು ಹೃದಯ ಗಟ್ಟಿಯಾಗಿರುವವರಲ್ಲೂ ಇದ್ದದ್ದೇ, ಹೆಚ್ಚಿನ ಸಲ ಅದಕ್ಕೂ ಹೃದಯಕ್ಕೂ ಸಂಬಂಧ ಇರುವುದಿಲ್ಲ. ಆದರೆ ಸ್ಟೆಂಟ್ ಇರುವವರಲ್ಲಿ ಇದು ಔಷಧಿಯ ಉಪದ್ರವವೋ, ಹೃದಯದ ತೊಂದರೆಯೋ ಎಂದು ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ಟ್ರಿಪ್ಟಾನ್‌ಗಳು ಸೆರೊಟೋನಿನ್‌ನ 1ಬಿ, 1ಡಿ ಎಂಬ ಗ್ರಾಹಕಗಳನ್ನು ಚುರುಕುಗೊಳಿಸುತ್ತವೆ. 1ಬಿ ಗ್ರಾಹಕಗಳು ತಲೆಯ ರಕ್ತನಾಳಗಳಲ್ಲಿ ಜಾಸ್ತಿ ಇವೆ, ಹೃದಯದ ನಾಳಗಳಲ್ಲೂ ಸ್ವಲ್ಪ ಇವೆ. ಅಲ್ಲಿ ನಾಳ ಕೊಂಚ ಕಿರಿದಾಗುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೇ ಆಗುವುದಿಲ್ಲ. ಮೊದಲೇ ಕೊಬ್ಬು ಕಟ್ಟಿ ಸಣ್ಣಗಾದ ನಾಳಕ್ಕೆ ಆ ಕೊಂಚವೇ ಸಾಕು. ಹಾಗಾಗಿ ಹೃದಯಾಘಾತ, ಹೃದಯಕ್ಕೆ ರಕ್ತ ಸಾಲದೆ ಎದೆನೋವು ಬರುವ ಆಂಜೈನಾ, ಪಾರ್ಶ್ವವಾಯು, ಕಾಲಿನ ರಕ್ತನಾಳದ ಕಾಯಿಲೆ, ಹಿಡಿತಕ್ಕೆ ಬಾರದ ಬಿಪಿ ಇರುವವರಿಗೆ ಟ್ರಿಪ್ಟಾನ್ ಪೂರ್ತಿ ನಿಷಿದ್ಧ. ಅರ್ಧ ಮಾತ್ರೆ ಎನ್ನುವ ರಿಯಾಯಿತಿ ಇಲ್ಲ. ಎರ್ಗಟಮೈನ್ ಎಂಬ ಹಳೆಯ ಮೈಗ್ರೇನ್ ಔಷಧಿಗೂ ಇದೇ ಮಾತು.

ನೋವಿನ ಮಾತ್ರೆಗಳಲ್ಲೂ ಆಯ್ಕೆ ಕಡಿಮೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯವು ಹೃದಯಾಘಾತ ಆದವರಿಗೆ ಒಳ್ಳೆಯವಲ್ಲ. ಐಬುಪ್ರೊಫೆನ್ ಅಂತೂ ಆಸ್ಪಿರಿನ್ ಪ್ಲೇಟ್‌ಲೆಟ್ ಮೇಲೆ ಮಾಡುವ ಕೆಲಸಕ್ಕೇ ಅಡ್ಡ ಬರುತ್ತದೆ. ಉಳಿಯುವುದು ಪ್ಯಾರಾಸಿಟಮಾಲ್. ಇವರಿಗೆ ಅದರಿಂದ ನೋವಿನ ಮೊನೆ ಸ್ವಲ್ಪ ಮೊಂಡಾಗುತ್ತಿತ್ತು, ಅಷ್ಟೇ.

ಹೊಸ ಮಾತ್ರೆಗೆ ಮೊದಲು ನೈಟ್ರೇಟ್

ಇಂಥವರು ಬಂದಾಗ ನೇರ ಜೆಪ್ಯಾಂಟ್ ಎಂಬ ಹೊಸ ಬಗೆಯ ಮೈಗ್ರೇನ್ ಮಾತ್ರೆ ಬರೆಯಲು ಕೈ ಹೋಗುತ್ತದೆ. ಹೋಗಬಾರದು. ಸ್ಟೆಂಟ್ ಆದ ಮೇಲೆ ತಲೆನೋವು ಯಾಕೆ ಏರಿತು ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು.

ಅವರ ಡೈರಿಯಲ್ಲಿ ತಲೆನೋವಿನ ಹೊತ್ತು ನೋಡಿದೆವು. ಹೆಚ್ಚಿನವು ಮಧ್ಯಾಹ್ನದ ಸುಮಾರಿಗೆ ಶುರುವಾಗಿದ್ದವು, ಬೆಳಿಗ್ಗೆ ಎಂಟಕ್ಕೆ ಐಸೋಸಾರ್ಬೈಡ್ ಎಂಬ ನೈಟ್ರೇಟ್ ಮಾತ್ರೆ ನುಂಗಿ ನಾಲ್ಕೈದು ಗಂಟೆಗೆ. ನೈಟ್ರೇಟ್ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಕೊಡುತ್ತದೆ. ಮೈಗ್ರೇನ್ ಇರುವವರಿಗೆ ಅದು ಎರಡು ಬಗೆಯಲ್ಲಿ ಕಾಡುತ್ತದೆ. ನುಂಗಿದ ಸ್ವಲ್ಪ ಹೊತ್ತಿಗೆ ಬರುವ ತಲೆಭಾರ ಒಂದು, ಎಲ್ಲರಿಗೂ ಗೊತ್ತಿರುವುದು. ಗಂಟೆಗಟ್ಟಲೆ ತಡವಾಗಿ ಬರುವ ನಿಜವಾದ ಮೈಗ್ರೇನ್ ಇನ್ನೊಂದು. ತಡವಾಗಿ ಬರುವುದರಿಂದ ಅದನ್ನು ಮಾತ್ರೆಗೆ ಯಾರೂ ತಳಕು ಹಾಕುವುದಿಲ್ಲ. ಮೈಗ್ರೇನ್ ಬರಿಸಿ ಅಧ್ಯಯನ ಮಾಡುವವರು ನೈಟ್ರೋಗ್ಲಿಸರಿನ್ ಬಳಸುವುದೇ ಈ ಗುಣಕ್ಕಾಗಿ.

ಇನ್ನೊಂದು ವಿಷಯವನ್ನೂ ಕೇಳಲೇಬೇಕಿತ್ತು. ಮೆಟ್ಟಿಲು ಹತ್ತಿದಾಗ, ಬೇಗ ನಡೆದಾಗ ತಲೆನೋವು ಬಂದು, ನಿಂತರೆ ಹೋಗುತ್ತದೆಯೇ? ಅಪರೂಪಕ್ಕೆ ಹೃದಯಕ್ಕೆ ರಕ್ತ ಸಾಲದಿರುವುದೇ ತಲೆನೋವಾಗಿ ಕಾಣಿಸುತ್ತದೆ. ಆ ನೋವು ನೈಟ್ರೇಟ್‌ನಿಂದ ಕಡಿಮೆಯಾಗುತ್ತದೆ, ಮೈಗ್ರೇನಿಗೆ ಪೂರ್ತಿ ಉಲ್ಟಾ. ಇವರಲ್ಲಿ ಅಂಥದ್ದು ಇರಲಿಲ್ಲ. ನೋವಿನ ಚಹರೆ ಮೂವತ್ತು ವರ್ಷದ ಹಿಂದಿನದೇ.

ಹೃದಯದ ಡಾಕ್ಟರಿಗೆ ಕಾಗದ ಬರೆದೆವು. ಅವರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು. ಎದೆನೋವಿಲ್ಲ, ಇಸಿಜಿಯಲ್ಲಿ ಬದಲಾವಣೆ ಇಲ್ಲ. ನೈಟ್ರೇಟನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು. ನಾಲಿಗೆಯ ಕೆಳಗೆ ಇಡುವ ತುರ್ತಿನ ಮಾತ್ರೆ ಮಾತ್ರ ಕೈಗೆ ಸಿಗುವ ಹಾಗೆ ಇರಲಿ ಎಂದರು. ತಲೆನೋವಿಗಾಗಿ ದಿನದ ನೈಟ್ರೇಟನ್ನು ರೋಗಿಯೇ ಸುಮ್ನೆ ನಿಲ್ಲಿಸಿಬಿಟ್ಟರೆ ಆಂಜೈನಾ ಮರುಕಳಿಸಬಹುದು. ಈ ಒಂದು ಬದಲಾವಣೆಯಿಂದಲೇ ತಿಂಗಳಿಗೆ ಎಂಟು ಇದ್ದ ತಲೆನೋವು ಐದಕ್ಕೆ ಬಂತು. ಉಳಿದ ಐದಕ್ಕೆ ಔಷಧಿ ಬೇಕಿತ್ತು.

ಜೆಪ್ಯಾಂಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೈಗ್ರೇನ್ ಶುರುವಾದಾಗ ಮುಖ, ತಲೆಗೆ ಹೋಗುವ ಟ್ರೈಜೆಮಿನಲ್ ನರದ ತುದಿಗಳಿಂದ ಸಿಜಿಆರ್‌ಪಿ ಎಂಬ ಸಣ್ಣ ಪ್ರೋಟೀನ್ ಹೊರಬರುತ್ತದೆ. ಅದು ರಕ್ತನಾಳ ಹಿಗ್ಗಿಸುತ್ತದೆ, ನೋವಿನ ಸಂದೇಶವನ್ನು ಜೋರು ಮಾಡುತ್ತದೆ. ಜೆಪ್ಯಾಂಟ್‌ಗಳು ಈ ಸಿಜಿಆರ್‌ಪಿ ಕೂರುವ ಜಾಗದಲ್ಲಿ ತಾವು ಕೂತುಬಿಡುತ್ತವೆ. ಯುಬ್ರೊಜೆಪ್ಯಾಂಟ್‌ಗೆ ಅಮೆರಿಕದಲ್ಲಿ 2019ರ ಡಿಸೆಂಬರ್‌ನಲ್ಲಿ, ರಿಮೆಜೆಪ್ಯಾಂಟ್‌ಗೆ 2020ರ ಫೆಬ್ರುವರಿಯಲ್ಲಿ ಅನುಮತಿ ಸಿಕ್ಕಿತು. ಇವೆರಡೂ ನೋವು ಬಂದಾಗ ತೆಗೆದುಕೊಳ್ಳುವ ಮಾತ್ರೆಗಳು. ರಿಮೆಜೆಪ್ಯಾಂಟ್ ಅನ್ನು ದಿನ ಬಿಟ್ಟು ದಿನ ತೆಗೆದುಕೊಂಡರೆ ನೋವು ಬಾರದಂತೆ ತಡೆಯಲೂ ಬಳಸುತ್ತಾರೆ. ಅಟೊಜೆಪ್ಯಾಂಟ್ ಇರುವುದು ತಡೆಯಲಿಕ್ಕಷ್ಟೇ.

ಜೆಪ್ಯಾಂಟ್ ಹೃದಯದ ನಾಳವನ್ನು ತಾನಾಗಿ ಕಿರಿದು ಮಾಡುವುದಿಲ್ಲ. ಬೇರ್ಪಡಿಸಿದ ಹೃದಯನಾಳಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಗೊತ್ತಾಗಿದೆ. ಟ್ರಿಪ್ಟಾನ್ ನಿಷೇಧದ ಪಟ್ಟಿ ಜೆಪ್ಯಾಂಟ್‌ಗೆ ಇಲ್ಲದಿರುವುದು ಇದೇ ಕಾರಣಕ್ಕೆ. ಆದರೆ ಇಲ್ಲಿಗೆ ನಿಲ್ಲಿಸಿ "ಹೃದಯಕ್ಕೆ ಸೇಫ್" ಎಂದುಬಿಡುವುದು ತಪ್ಪು. ರಕ್ತ ಸಾಲದೇ ಒದ್ದಾಡುವ ಜಾಗದಲ್ಲಿ ನಾಳವನ್ನು ಹಿಗ್ಗಿಸಿ ಕಾಪಾಡುವ ಕೆಲಸದಲ್ಲೂ ಸಿಜಿಆರ್‌ಪಿಗೆ ಪಾಲಿದೆ. ಅದನ್ನೇ ತಡೆದರೆ? 2020ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಲ್ಲಿ ಮೆದುಳಿನ ನಾಳ ಕಟ್ಟಿದಾಗ ಜೆಪ್ಯಾಂಟ್ ಕೊಟ್ಟಿದ್ದವುಗಳಲ್ಲಿ ಪಾರ್ಶ್ವವಾಯುವಿನ ಹಾನಿ ಹೆಚ್ಚಾಯಿತು. ಇನ್ನೊಂದು ಕಡೆ, ಈ ಕುಟುಂಬದ ಹಳೆಯ ಔಷಧಿ ಟೆಲ್ಕಜೆಪ್ಯಾಂಟ್ ಅನ್ನು ಸ್ಥಿರ ಆಂಜೈನಾ ಇರುವವರಿಗೆ ಕೊಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಅವರು ಓಡುವ ಸಮಯ ಕಡಿಮೆಯಾಗಲಿಲ್ಲ. ಟೆಲ್ಕಜೆಪ್ಯಾಂಟ್ ಮುಂದೆ ನಿಂತುಹೋದದ್ದು ಯಕೃತ್ತಿನ ತೊಂದರೆಗೆ, ಹೃದಯಕ್ಕಲ್ಲ.

ಈಗಿನ ಜೆಪ್ಯಾಂಟ್‌ಗಳ ದೊಡ್ಡ ಪ್ರಯೋಗಗಳಲ್ಲಿ ಬಿಪಿ, ಕೊಲೆಸ್ಟರಾಲ್, ಸಿಗರೇಟಿನಂಥ ಅಪಾಯ ಇದ್ದವರು ಇದ್ದರು, ಅವರಲ್ಲಿ ಬೇರೆ ತೊಂದರೆ ಕಾಣಲಿಲ್ಲ. ಆದರೆ ಇತ್ತೀಚೆಗೆ ಹೃದಯಾಘಾತ ಆದವರನ್ನು, ಹೃದಯ ಸ್ಥಿರವಿಲ್ಲದವರನ್ನು ಸೇರಿಸಿಯೇ ಇರಲಿಲ್ಲ. ಹಾಗಾಗಿ ನಾನು ನೋಡುವುದು ಸ್ಟೆಂಟ್ ಇದೆಯೋ ಇಲ್ಲವೋ ಎಂದಲ್ಲ, ಹೃದಯ ಈಗ ಸ್ಥಿರವಾಗಿದೆಯೋ ಎಂದು. ಕಳೆದ ತಿಂಗಳು ಹೃದಯಾಘಾತ ಆದವರಿಗೆ, ನಡೆದರೆ ಎದೆ ಹಿಡಿಯುವವರಿಗೆ ನಾನು ಇದನ್ನು ಕೊಡುವುದಿಲ್ಲ. ಇವರಿಗೆ 14 ತಿಂಗಳಾಗಿತ್ತು, ಟ್ರೆಡ್‌ಮಿಲ್ ಸರಿ ಇತ್ತು, ಬಿಪಿ 128/78 ಇತ್ತು. ಹೃದಯದ ಡಾಕ್ಟರೂ ಒಪ್ಪಿದರು.

ಎಡವುವುದು ಮಾತ್ರೆ ಪಟ್ಟಿಯಲ್ಲಿ

ಹೃದ್ರೋಗಿಗೆ ಜೆಪ್ಯಾಂಟ್ ಕೊಡುವಾಗ ಎಲ್ಲರೂ ಹೃದಯದ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ದಿನನಿತ್ಯದಲ್ಲಿ ತೊಡಕು ಬರುವುದು ಹೃದಯದ ಮಾತ್ರೆಗಳಿಂದ.

ಯುಬ್ರೊಜೆಪ್ಯಾಂಟ್, ರಿಮೆಜೆಪ್ಯಾಂಟ್ ಎರಡನ್ನೂ ದೇಹದಿಂದ ಕಳಿಸುವ ಮುಖ್ಯ ಕಿಣ್ವ ಯಕೃತ್ತಿನ ಸಿವೈಪಿ 3ಎ4. ಅದರ ಕೈ ಕಟ್ಟುವ ಔಷಧಿ ಜೊತೆಗಿದ್ದರೆ ಜೆಪ್ಯಾಂಟ್ ರಕ್ತದಲ್ಲಿ ಏರುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಹೃದಯದವರಲ್ಲಿ ದಿನಾ ಕಾಣುವ ಡಿಲ್ಟಿಯಾಜೆಮ್, ವೆರಾಪಮಿಲ್ ಎರಡೂ ಈ ಕಿಣ್ವವನ್ನು ಮಧ್ಯಮ ಮಟ್ಟದಲ್ಲಿ ತಡೆಯುತ್ತವೆ. ವೆರಾಪಮಿಲ್ ಜೊತೆಗೆ ಯುಬ್ರೊಜೆಪ್ಯಾಂಟ್ ಕೊಟ್ಟಾಗ ದೇಹಕ್ಕೆ ಸಿಗುವ ಒಟ್ಟು ಪ್ರಮಾಣ ಸುಮಾರು ಮೂರೂವರೆ ಪಟ್ಟು ಆಯಿತು. ಅಂಥವರಿಗೆ ಯುಬ್ರೊಜೆಪ್ಯಾಂಟ್ 50 ಮಿಲಿಗ್ರಾಂ ಒಂದೇ, 24 ಗಂಟೆಯೊಳಗೆ ಎರಡನೆಯದು ಬೇಡ. ಬೇರೆಯವರಾದರೆ 100 ತೆಗೆದುಕೊಂಡು, ಎರಡು ಗಂಟೆ ಬಿಟ್ಟು ಇನ್ನೊಂದು ತೆಗೆದುಕೊಳ್ಳಬಹುದಿತ್ತು.

ರಿಮೆಜೆಪ್ಯಾಂಟ್‌ನಲ್ಲಿ ಈ ಏರಿಕೆ ಕಡಿಮೆ. ಫ್ಲುಕೋನಜೋಲ್ ಎಂಬ ಮಧ್ಯಮ ತಡೆಯ ಔಷಧಿಯ ಜೊತೆ ಸುಮಾರು 1.8 ಪಟ್ಟು. ಇದರ ನಿಯಮ ಬೇರೆ: ಒಂದು 75 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳಬಹುದು, ಆದರೆ ಮುಂದಿನದಕ್ಕೆ 48 ಗಂಟೆ ಬಿಡಬೇಕು. ಉಳಿದವರಿಗೆ ಈ ಅಂತರ 24 ಗಂಟೆ. ಅಮಿಯೋಡರೋನ್, ರಾನೋಲಜಿನ್ ಇರುವವರಲ್ಲೂ ಇದೇ ಎಚ್ಚರ ಬೇಕು. ಅವು ಪಿ-ಗ್ಲೈಕೊಪ್ರೋಟೀನ್ ಎಂಬ ಇನ್ನೊಂದು ಹೊರಗಟ್ಟುವ ದಾರಿಯನ್ನು ತಡೆಯುತ್ತವೆ. ಕಾರ್ವೆಡಿಲಾಲ್ ಇದ್ದರೆ ಯುಬ್ರೊಜೆಪ್ಯಾಂಟ್ 50ಕ್ಕೇ ನಿಲ್ಲಬೇಕು. ಹೃದಯದ ವಾರ್ಡಿನಿಂದ ಬರುವ ಚೀಟಿಗಳಲ್ಲಿ ಈ ಹೆಸರುಗಳು ಎಷ್ಟು ಸಾಮಾನ್ಯ, ಅಲ್ವಾ?

ನಾವು ರಿಮೆಜೆಪ್ಯಾಂಟ್ ಆರಿಸಿದೆವು. ವಾಕರಿಕೆ ಇರುವವರಿಗೆ ನಾಲಿಗೆಯ ಮೇಲೆ ಕರಗುವ ಮಾತ್ರೆ ಅನುಕೂಲ, ನೀರು ಬೇಡ. ಅರ್ಧಾಯುಷ್ಯ, ಅಂದರೆ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಸಮಯ, ಸುಮಾರು 11 ಗಂಟೆ ಇರುವುದರಿಂದ, ಎರಡನೆಯದಕ್ಕೆ ಅವಕಾಶ ಇಲ್ಲದವರಿಗೆ ಒಂದೇ ಮಾತ್ರೆ ಹೆಚ್ಚು ಹೊತ್ತು ಬಾಳುತ್ತದೆ. ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಮಾಡಿಸಿದೆವು, ಯಾಕೆಂದರೆ ಯಕೃತ್ತು ತೀರಾ ಕೆಟ್ಟವರಿಗೂ ಮೂತ್ರಪಿಂಡ ಪೂರ್ತಿ ಸೋತವರಿಗೂ ಇದು ಬೇಡ. ಇವರದ್ದು ಸರಿ ಇತ್ತು.

ಹೇಗೆ ತೆಗೆದುಕೊಳ್ಳಬೇಕೆಂದು ಕೈಯಲ್ಲಿ ಹಿಡಿದು ತೋರಿಸಿದೆವು. ಮಾತ್ರೆಯನ್ನು ಹಾಳೆಯ ಮೂಲಕ ಒತ್ತಿ ತೆಗೆದರೆ ಪುಡಿಯಾಗುತ್ತದೆ. ಕೈ ಒಣಗಿಸಿಕೊಂಡು ಹಿಂದಿನ ಹಾಳೆ ಸುಲಿಯಬೇಕು, ಮಾತ್ರೆಯನ್ನು ಮೆಲ್ಲಗೆ ಎತ್ತಿ ಕೂಡಲೇ ನಾಲಿಗೆಯ ಮೇಲೆ ಇಡಬೇಕು. ಮೊದಲೇ ಸುಲಿದು ಡಬ್ಬಿಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ನಿರೀಕ್ಷೆಯನ್ನೂ ಮೊದಲೇ ಹೇಳಿದೆವು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಿಮೆಜೆಪ್ಯಾಂಟ್ ತೆಗೆದುಕೊಂಡ 100 ಜನರಲ್ಲಿ 21 ಜನರಿಗೆ ಎರಡು ಗಂಟೆಯಲ್ಲಿ ನೋವು ಪೂರ್ತಿ ಹೋಯಿತು, ಸುಳ್ಳು ಮಾತ್ರೆಯವರಲ್ಲಿ 11 ಜನರಿಗೆ. ನೋವು ಗಣನೀಯವಾಗಿ ಇಳಿದವರು 59, ಸುಳ್ಳು ಮಾತ್ರೆಯಲ್ಲಿ 43. ಒಳ್ಳೆಯ ಟ್ರಿಪ್ಟಾನ್‌ನಷ್ಟು ಚುರುಕಲ್ಲ. ಸುಮಾಟ್ರಿಪ್ಟಾನ್‌ನಿಂದ ಎದ್ದು ಓಡಾಡಿ ಅಭ್ಯಾಸವಾದವರಿಗೆ ಇದನ್ನು ಹೇಳದಿದ್ದರೆ ಮೊದಲ ಸಲವೇ "ಇದು ಕೆಲಸಕ್ಕೆ ಬಾರದ್ದು" ಎಂದು ಬಿಟ್ಟುಬಿಡುತ್ತಾರೆ.

ಮೂರು ತಿಂಗಳು

ಮೊದಲ ಸಲ ಅವರು ತಡ ಮಾಡಿದರು. ಡೈರಿಯಲ್ಲಿ ಹೀಗಿತ್ತು: "ಬೆಳಿಗ್ಗೆ 6ಕ್ಕೆ ಶುರು, 10ಕ್ಕೆ ಮಾತ್ರೆ, 12ಕ್ಕೆ ನೋವು 8ರಿಂದ 5. ಸಂಜೆ 4ಕ್ಕೆ 2." ಎರಡು ಗಂಟೆಯ ಲೆಕ್ಕದಲ್ಲಿ ಸೋಲು, ಸಂಜೆಯ ಲೆಕ್ಕದಲ್ಲಿ ಗೆಲುವು. ಜೆಪ್ಯಾಂಟ್‌ನಲ್ಲಿ ಇದು ಸಾಮಾನ್ಯ, ನಿಧಾನವಾಗಿ ಏರಿ ಗಂಟೆಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಮುಂದಿನ ಸಲ ನೋವು ಶುರುವಾದ ಅರ್ಧ ಗಂಟೆಯೊಳಗೆ ತೆಗೆದುಕೊಂಡರು, ಎರಡು ಗಂಟೆಗೆ ನೋವು ಹೋಗಿತ್ತು.

ಎರಡನೇ ತಿಂಗಳಲ್ಲಿ ಕೆಮ್ಮು, ಕಫ. ಹತ್ತಿರದ ವೈದ್ಯರು ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದರು. ಔಷಧಿ ಅಂಗಡಿಯಲ್ಲಿ ಚೀಟಿ ಕೊಡುವಾಗ ಇವರು ಮಾತ್ರೆಗಳ ಹೆಸರು ಬರೆದು ನಾವು ಕೊಟ್ಟಿದ್ದ ಕಾರ್ಡನ್ನೂ ತೋರಿಸಿದರು. ಫಾರ್ಮಸಿಸ್ಟ್ ಅಲ್ಲೇ ತಡೆದು ನಮಗೆ ಫೋನ್ ಮಾಡಿದರು. "ಡಾಕ್ಟ್ರೇ, ಇದು 3ಎ4ಗೆ ಜೋರಾದ ತಡೆ. ಜೆಪ್ಯಾಂಟ್ ಅಷ್ಟೇ ಅಲ್ಲ, ಡಿಲ್ಟಿಯಾಜೆಮ್ ಕೂಡ ಇದೆ ಇವರಿಗೆ." ಅವರು ಹೇಳಿದ್ದು ಪೂರ್ತಿ ಸರಿ. ಜೋರಾಗಿ ತಡೆಯುವ ಔಷಧಿಯ ಜೊತೆ ರಿಮೆಜೆಪ್ಯಾಂಟ್ ಸುಮಾರು ನಾಲ್ಕು ಪಟ್ಟು ಏರುತ್ತದೆ, ತೆಗೆದುಕೊಳ್ಳಲೇಬಾರದು. ಡಿಲ್ಟಿಯಾಜೆಮ್ ಏರಿದರೆ ಬಿಪಿ ತೀರಾ ಇಳಿಯಬಹುದು, ಎದೆಬಡಿತ ನಿಧಾನವಾಗಬಹುದು. ಬರೆದ ವೈದ್ಯರ ಜೊತೆ ಮಾತಾಡಿ ಡಾಕ್ಸಿಸೈಕ್ಲಿನ್‌ಗೆ ಬದಲಾಯಿಸಿದೆವು. ಕ್ಲಾರಿಥ್ರೋಮೈಸಿನ್ ಶುರುವಾಗಿಬಿಟ್ಟಿದ್ದರೆ ಕೋರ್ಸ್ ಮುಗಿದ ಮೇಲೂ ಕೆಲವು ದಿನ ಜೆಪ್ಯಾಂಟ್ ನಿಲ್ಲಿಸಬೇಕಾಗುತ್ತಿತ್ತು, ಕಿಣ್ವ ಚೇತರಿಸಿಕೊಳ್ಳಲು ಸಮಯ ಬೇಕು.

ಮೂರು ತಿಂಗಳಲ್ಲಿ 11 ಸಲ ಮಾತ್ರೆ ತೆಗೆದುಕೊಂಡರು. ನಾಲ್ಕು ಸಲ ಎರಡು ಗಂಟೆಯಲ್ಲಿ ನೋವು ಪೂರ್ತಿ ಹೋಯಿತು. ಐದು ಸಲ ಕೆಲಸಕ್ಕೆ ಮರಳುವಷ್ಟು ಇಳಿಯಿತು. ಎರಡು ಸಲ ಏನೂ ಆಗಲಿಲ್ಲ. ಆ ಎರಡು ದಿನ 48 ಗಂಟೆಯ ಬೇಲಿ ಇದ್ದುದರಿಂದ ಇನ್ನೊಂದು ಮಾತ್ರೆಗೆ ದಾರಿ ಇರಲಿಲ್ಲ. ಮೊದಲೇ ಬರೆದುಕೊಟ್ಟಿದ್ದ ಹಾಗೆ ಪ್ಯಾರಾಸಿಟಮಾಲ್ 1000 ಮಿಲಿಗ್ರಾಂ, ವಾಕರಿಕೆಗೆ ಮೆಟೊಕ್ಲೊಪ್ರಮೈಡ್ 10 ಮಿಲಿಗ್ರಾಂ ತೆಗೆದುಕೊಂಡು ಮಲಗಿದರು. ಈ ಎರಡನೇ ಸಾಲು ಬರೆದುಕೊಡದಿದ್ದರೆ ಕೈ ಮತ್ತೆ ಹಳೆಯ ಸ್ಟ್ರಿಪ್ಪಿಗೇ ಹೋಗುತ್ತದೆ. ಆ ಸ್ಟ್ರಿಪ್ಪನ್ನು ಮೊದಲ ದಿನವೇ ನಮ್ಮಲ್ಲಿ ಬಿಟ್ಟುಹೋಗುವಂತೆ ಕೇಳಿದ್ದೆವು, ಬಿಟ್ಟುಹೋಗಿದ್ದರು.

ಉಪದ್ರವವಾಗಿ ಎರಡು ಸಲ ಸ್ವಲ್ಪ ವಾಕರಿಕೆ. ಅದು ಮೈಗ್ರೇನಿನದೋ ಮಾತ್ರೆಯದೋ ಹೇಳುವುದು ಕಷ್ಟ. ಮನೆಯ ಬಿಪಿ ಪುಸ್ತಕದಲ್ಲಿ ಏರಿಕೆ ಇಲ್ಲ. ಸಿಜಿಆರ್‌ಪಿ ತಡೆಯುವ ಔಷಧಿಗಳಿಂದ ಕೆಲವರಲ್ಲಿ ಬಿಪಿ ಏರುವುದು, ಚಳಿಗೆ ಬೆರಳು ಬೆಳ್ಳಗಾಗಿ ನೋಯುವುದು ವರದಿಯಾಗಿದೆ, ಹಾಗಾಗಿ ಎರಡನ್ನೂ ಪ್ರತಿ ಭೇಟಿಯಲ್ಲಿ ಕೇಳುತ್ತೇವೆ. ಮೈಮೇಲೆ ದದ್ದು, ಉಸಿರು ಕಟ್ಟುವುದು ಕೆಲವೊಮ್ಮೆ ಮಾತ್ರೆ ತೆಗೆದುಕೊಂಡು ದಿನಗಳಾದ ಮೇಲೂ ಬರಬಹುದು. ಆಸ್ತಮಾ ಇರುವವರು ಇದನ್ನು ಆಸ್ತಮಾ ಎಂದೇ ತಿಳಿದು ಸುಮ್ಮನಿರಬಾರದು. ಎದೆ ಬಿಗಿದರೆ ಮಾತ್ರ ಯೋಚನೆಯೇ ಬೇಡ. ಅದು ಮಾತ್ರೆಯದಿರಬಹುದು ಎಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಜೆಪ್ಯಾಂಟ್ ಎದೆಯನ್ನು ಬಿಗಿಸುವ ಜಾತಿಯದಲ್ಲ, ಹಾಗಾಗಿ ಸಂಶಯ ಮೊದಲು ಹೃದಯದ ಮೇಲೆ.

ತಿಂಗಳಿಗೆ ಐದು ತಲೆನೋವು ಇರುವವರಿಗೆ ನೋವು ಬಂದಾಗಿನ ಮಾತ್ರೆಯೊಂದೇ ಸಾಲದು, ಬಾರದಂತೆ ತಡೆಯುವ ಔಷಧಿಯೂ ಬೇಕು. ಬೀಟಾ ಬ್ಲಾಕರ್ ಆಸ್ತಮಾದಿಂದಾಗಿ ಆಗದು, ಅಮಿಟ್ರಿಪ್ಟಿಲಿನ್ ಹೃದಯದ ಲಯಕ್ಕೆ ತೊಂದರೆ ಕೊಡಬಹುದು. ಹೃದಯದ ಡಾಕ್ಟರ ಒಪ್ಪಿಗೆ ಪಡೆದು ರಾಮಿಪ್ರಿಲ್ ನಿಲ್ಲಿಸಿ ಕ್ಯಾಂಡಿಸಾರ್ಟಾನ್ ಶುರು ಮಾಡಿದೆವು, ಮೊದಲು 8, ಆಮೇಲೆ 16 ಮಿಲಿಗ್ರಾಂ. ಬಿಪಿಗೂ ಮೈಗ್ರೇನ್ ತಡೆಯಲೂ ಅದೊಂದೇ ಆಗುತ್ತದೆ, ಜೆಪ್ಯಾಂಟ್ ಜೊತೆ ಜಗಳವೂ ಇಲ್ಲ. ಪೊಟ್ಯಾಸಿಯಂ, ಕ್ರಿಯಾಟಿನಿನ್ ಎರಡು ವಾರಕ್ಕೆ ನೋಡಿದೆವು. ತಡೆಯುವ ಔಷಧಿ ಕೆಲಸ ಮಾಡುತ್ತಿದೆಯೇ ಎಂದು ಹೇಳಲು ಎರಡು ಮೂರು ತಿಂಗಳು ಬೇಕು, ಆ ಲೆಕ್ಕ ಇನ್ನೂ ನಡೆಯುತ್ತಿದೆ.

"ರಿಮೆಜೆಪ್ಯಾಂಟನ್ನೇ ದಿನ ಬಿಟ್ಟು ದಿನ ತೆಗೆದುಕೊಂಡರೆ ಆಗಲ್ವಾ ಡಾಕ್ಟ್ರೇ?" ಎಂದು ಅವರು ಕೇಳಿದರು. ಡಿಲ್ಟಿಯಾಜೆಮ್ ಇರುವಾಗ 48 ಗಂಟೆಯ ಅಂತರಕ್ಕೆ ಅದು ಹೊಂದುತ್ತದೆ ಕೂಡ. ನಾನು ಸದ್ಯಕ್ಕೆ ಬೇಡ ಎಂದೆ. ವಾರಕ್ಕೊಮ್ಮೆ ಕೆಲವು ಗಂಟೆ ಸಿಜಿಆರ್‌ಪಿ ತಡೆಯುವುದು ಒಂದು, ಸ್ಟೆಂಟ್ ಇರುವವರಲ್ಲಿ ಬಿಡುವಿಲ್ಲದೆ ತಿಂಗಳುಗಟ್ಟಲೆ ತಡೆದಿಡುವುದು ಇನ್ನೊಂದು. ನಾಳ ಮತ್ತೆ ಕಟ್ಟಿಕೊಂಡರೆ ಆ ಹೊತ್ತಿಗೆ ಸಿಜಿಆರ್‌ಪಿಯ ನೆರವು ಬೇಕಾಗಬಹುದು, ಅಂಥ ಹೃದ್ರೋಗಿಗಳನ್ನು ಪ್ರಯೋಗಗಳಲ್ಲಿ ಸೇರಿಸಿಲ್ಲ. ಕ್ಯಾಂಡಿಸಾರ್ಟಾನ್ ಕೈಕೊಟ್ಟರೆ ಹೃದಯದ ಡಾಕ್ಟರನ್ನೂ ಕೂರಿಸಿಕೊಂಡು ಈ ಪ್ರಶ್ನೆಯನ್ನು ಮತ್ತೆ ತೆಗೆಯುತ್ತೇವೆ.